ಮೊದಲ ಗಡ್ಡ: ತುರಿಕೆ ಮತ್ತು ಶೇಪ್

ಪ್ರಶ್ನೆ: ಮೊದಲ ಸಲ ಗಡ್ಡ ಬಿಡ್ತಿದ್ದೀನಿ, ಹತ್ತೇ ದಿನಕ್ಕೆ ವಿಪರೀತ ತುರಿಕೆ. ಏನು ಮಾಡಲಿ? ಶೇಪ್ ಯಾವಾಗ ಮಾಡಿಸಬೇಕು?

ಉತ್ತರ: ರೇಜರ್ ಕತ್ತರಿಸಿದ ಕೂದಲಿನ ತುದಿ ಚೂಪಾಗಿರುತ್ತದೆ, ಬೆಳೆಯುತ್ತಾ ಬಾಗಿ ಪಕ್ಕದ ಚರ್ಮವನ್ನೇ ಚುಚ್ಚುತ್ತದೆ. ಸಾಮಾನ್ಯವಾಗಿ ಮೂರು ವಾರ ದಾಟಿದರೆ ಕೂದಲು ಮಲಗಿ ತುರಿಕೆ ಇಳಿಯುತ್ತದೆ.

ಅಲ್ಲಿಯವರೆಗೆ ಮೈಸೋಪು ಹಚ್ಚಬೇಡಿ, ಚರ್ಮ ಇನ್ನಷ್ಟು ಒಣಗುತ್ತದೆ. ಸೌಮ್ಯ ಫೇಸ್‌ವಾಶ್‌ನಿಂದ ತೊಳೆದು, ಮುಖ ಒದ್ದೆಯಿರುವಾಗಲೇ ಮೂರ್ನಾಲ್ಕು ಹನಿ ಬಾದಾಮಿ ಎಣ್ಣೆಯನ್ನು ಬುಡಕ್ಕೆ ತಾಗುವಂತೆ ತಿಕ್ಕಿ. ಕೊಬ್ಬರಿ ಎಣ್ಣೆಯೂ ಆದೀತು, ಮೊಡವೆ ಬರುವವರಿಗೆ ಬೇಡ. ಹೊಟ್ಟು ಉದುರುತ್ತಿದ್ದರೆ ಎಣ್ಣೆ ಬಿಟ್ಟು ಕೀಟೋಕೋನಜೋಲ್ ಶಾಂಪೂ ವಾರಕ್ಕೆರಡು ಸಲ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಿರಿ. ಕೀವು ತುಂಬಿದ ಗುಳ್ಳೆಗಳೆದ್ದರೆ ಚರ್ಮವೈದ್ಯರಿಗೆ ತೋರಿಸಿ.

ಶೇಪ್‌ಗೆ ಕನಿಷ್ಠ ನಾಲ್ಕು ವಾರ, ಸಾಧ್ಯವಾದರೆ ಆರು ವಾರ ಕಾಯಿರಿ. ಕೆನ್ನೆಯಲ್ಲಿ ಖಾಲಿ ಕಾಣುವ ಜಾಗ ಎಷ್ಟೋ ಸಲ ಅಕ್ಕಪಕ್ಕದ ಕೂದಲು ಬೆಳೆದಾಗ ಮುಚ್ಚಿಹೋಗುತ್ತದೆ. ಆಫೀಸಿಗೆ ಒರಟಾಗಿ ಕಂಡರೆ ಕುತ್ತಿಗೆ ಮಾತ್ರ ಬೋಳಿಸಿ. ಗಂಟಲುಮಣಿಯಿಂದ ಎರಡು ಬೆರಳು ಮೇಲೆ ಗೆರೆ ಹಿಡಿದು, ಅದರ ಕೆಳಗಿನದಷ್ಟೇ ತೆಗೆಯಿರಿ. ಸಲೂನಿನಲ್ಲಿ ಇದನ್ನು ಮೊದಲೇ ಹೇಳಿಬಿಡಿ. ಅವರು ಅಭ್ಯಾಸಬಲದಿಂದ ದವಡೆಯ ಮೂಳೆಗೇ ಗೆರೆ ಎಳೆದರೆ, ಮುಖ ತಿರುಗಿಸಿದಾಗ ಗಲ್ಲದ ಕೆಳಗೆ ಗಡ್ಡವೇ ಇಲ್ಲದಂತೆ ಕಾಣುತ್ತದೆ, ಮತ್ತೆ ವಾರಗಟ್ಟಲೆ ಕಾಯಬೇಕು.