ವಚನದ ನದಿ, ಮರ, ದೀಪಕ್ಕೆ ಅರ್ಥದ ಪಟ್ಟಿ ಬೇಡ

ಪ್ರಶ್ನೆ: ವಚನಗಳಲ್ಲಿ ಬರೋ ನದಿ, ಮರ, ದೀಪ ಯಾವ್ಯಾವುದರ ಸಂಕೇತ ಅಂತ ಯಾರಾದರೂ ಪಟ್ಟಿ ಮಾಡಿ ಕೊಡ್ತೀರಾ? ಪರೀಕ್ಷೆಗೆ ಬೇಕು.

ಆ ಪಟ್ಟಿ ನನ್ನ ನೋಟ್ಸಿನ ಕೊನೇ ಪುಟದಲ್ಲೂ ಇತ್ತು. ನದಿ ಅಂದರೆ ಪಾವಿತ್ರ್ಯ, ಮರ ಅಂದರೆ ಆಶ್ರಯ, ದೀಪ ಅಂದರೆ ಜ್ಞಾನ. ಶಿವಮೊಗ್ಗದಲ್ಲಿ ಡಿಗ್ರಿ ಓದುವಾಗ ಅದನ್ನೇ ಉರು ಹೊಡೆದು ಪರೀಕ್ಷೆಗೆ ಕೂತೆ. ಬಂದದ್ದು ಬಸವಣ್ಣನವರ ಈ ವಚನ:

ನೀರ ಕಂಡಲ್ಲಿ ಮುಳುಗುವರಯ್ಯಾ,
ಮರನ ಕಂಡಲ್ಲಿ ಸುತ್ತುವರಯ್ಯಾ.
ಬತ್ತುವ ಜಲವನು, ಒಣಗುವ ಮರನನು ಮಚ್ಚಿದವರು
ನಿಮ್ಮನೆತ್ತ ಬಲ್ಲರು ಕೂಡಲಸಂಗಮದೇವಾ.

ನಾನು ತೀರ್ಥಹಳ್ಳಿ ಕಡೆಯವಳು. ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಜನ ತುಂಗೆಯಲ್ಲಿ ಮುಳುಗೇಳೋದನ್ನು ನೋಡಿ ಬೆಳೆದವಳು. ‘ತುಂಗಾ ಪಾನ, ಗಂಗಾ ಸ್ನಾನ’ ಅನ್ನೋ ಮಾತಿಂದಲೇ ಉತ್ತರ ಶುರು ಮಾಡಿದೆ. ನೀರು ಭಕ್ತನ ಮನಸ್ಸು ತೊಳೆಯುತ್ತೆ, ಅಶ್ವತ್ಥಕಟ್ಟೆ ಸುತ್ತಿದವನಿಗೆ ಆಶ್ರಯ ಸಿಗುತ್ತೆ, ಬಸವಣ್ಣನವರು ಪ್ರಕೃತಿಯಲ್ಲೇ ದೇವರನ್ನು ಕಂಡರು ಅಂತ ಪುಟ ತುಂಬಿಸಿದೆ. ವಚನ ಹೇಳೋದು ಇದಕ್ಕೆ ಪೂರಾ ಉಲ್ಟಾ. ಆ ಪತ್ರಿಕೆಯ ಅಂಕ ಬಿದ್ದು ಎಂ.ಎ. ಸೀಟು ಕೈತಪ್ಪಿತು.

ಎಡವಿದ ಜಾಗ ಯಾವುದು ಅಂತ ಬಿಡಿಸಿ ಹೇಳ್ತೀನಿ, ನೀವೂ ಅಲ್ಲೇ ಕಾಲಿಡೋಕೆ ಹೊರಟಿದ್ದೀರಿ. ನಾನು ನೀರು, ಮರ ಎರಡನ್ನೇ ಓದಿದೆ. ಅವುಗಳ ಜೊತೆ ನಿಂತಿದ್ದ ಮಾತುಗಳನ್ನು ಓದಲಿಲ್ಲ. ‘ಕಂಡಲ್ಲಿ’ ಅಂದರೆ ಕಂಡಕಂಡಲ್ಲೆಲ್ಲ. ಅಲ್ಲೇ ಆಕ್ಷೇಪ ಶುರುವಾಗಿದೆ. ಮೊದಲೆರಡು ಸಾಲು ಜನ ಮಾಡೋದನ್ನು ತೋರಿಸುತ್ತವೆ. ಮೂರನೇ ಸಾಲು ಅದೇ ನೀರಿಗೆ ‘ಬತ್ತುವ’, ಅದೇ ಮರಕ್ಕೆ ‘ಒಣಗುವ’ ಅಂತ ಸೇರಿಸಿ, ಅವರು ನಂಬಿ ನಿಂತ ನೆಲವನ್ನೇ ಕಿತ್ತುಬಿಡುತ್ತೆ. ಅಳಿಯೋದನ್ನು ಮೆಚ್ಚಿ ಹಿಡಿದವರು ಅಳಿಯದ ನಿಮ್ಮನ್ನು ಹೇಗೆ ಬಲ್ಲರು ಅನ್ನೋದು ಕೊನೆಯ ಪ್ರಶ್ನೆ. ಇಲ್ಲಿ ನೀರು ಪಾವಿತ್ರ್ಯದ ಸಂಕೇತವೇ ಅಲ್ಲ. ಹಾಗೆ ನಂಬಿದವರನ್ನು ಕೇಳುವ ಪ್ರಶ್ನೆಗೆ ಸಾಕ್ಷಿ. ಬೇಸಿಗೆಯಲ್ಲೂ ಮನೆ ಹಿಂದಿನ ಹಳ್ಳ ಹರಿಯೋದನ್ನು ಕಂಡಿದ್ದ ನನಗೆ ‘ಬತ್ತುವ’ ಅನ್ನೋದು ತಟ್ಟಲೇ ಇಲ್ಲ. ಬಯಲುಸೀಮೆಯವರಿಗೆ ಮೊದಲು ಕಣ್ಣಿಗೆ ಬೀಳೋದೇ ಅದು.

ಈಗ ಮರವನ್ನೇ ಅಕ್ಕಮಹಾದೇವಿಯಲ್ಲಿ ನೋಡಿ. ಅಕ್ಕ ನಮ್ಮ ಶಿಕಾರಿಪುರ ತಾಲ್ಲೂಕಿನ ಉಡುತಡಿಯವರು.

ನೆಲದ ಮರೆಯ ನಿಧಾನದಂತೆ,
ಫಲದ ಮರೆಯ ರುಚಿಯಂತೆ,
ಶಿಲೆಯ ಮರೆಯ ಹೇಮದಂತೆ,
ತಿಲದ ಮರೆಯ ತೈಲದಂತೆ,
ಮರದ ಮರೆಯ ತೇಜದಂತೆ,
ಭಾವದ ಮರೆಯ ಬ್ರಹ್ಮವಾಗಿಪ್ಪ
ಚೆನ್ನಮಲ್ಲಿಕಾರ್ಜುನನ ನಿಲವನರಿಯಬಾರದು.

ಇಲ್ಲಿ ಮರ ಒಣಗೋದೂ ಇಲ್ಲ, ನೆರಳೂ ಕೊಡೋಲ್ಲ. ಅದರೊಳಗೆ ಬೆಂಕಿ ಅಡಗಿದೆ. ಕಟ್ಟಿಗೆಗೆ ಕಟ್ಟಿಗೆ ಉಜ್ಜಿ ಅರಣಿಯಲ್ಲಿ ಬೆಂಕಿ ತೆಗೀತಾರಲ್ಲ, ಆ ಬೆಂಕಿ. ನಿಧಿ ಬೇಕಾದರೆ ನೆಲ ಅಗೀಬೇಕು, ಎಣ್ಣೆ ಬೇಕಾದರೆ ಎಳ್ಳು ಗಾಣಕ್ಕೆ ಹಾಕಬೇಕು, ಚಿನ್ನಕ್ಕೆ ಕಲ್ಲು ಒಡೆದು ಕರಗಿಸಬೇಕು. ಒಂದೊಂದಕ್ಕೂ ಹೊರಗೆ ತೆಗೆಯೋ ದಾರಿ ಉಂಟು. ಭಾವದ ಹಿಂದಿರುವವನ ನಿಲುವಿಗೆ ಬಂದಾಗ ಮಾತ್ರ ‘ಅರಿಯಬಾರದು’, ಅಂದರೆ ಅರಿಯೋಕಾಗದು, ಅಂತ ಅಕ್ಕ ನಿಲ್ಲಿಸಿಬಿಡುತ್ತಾರೆ. ನನ್ನ ಮಟ್ಟಿಗೆ ಈ ವಚನದ ಜೀವ ಇರೋದೇ ಆ ನಿಲುಗಡೆಯಲ್ಲಿ. ‘ಮರ ಅಂದರೆ ಆಶ್ರಯ’ ಅಂತ ಇಲ್ಲಿ ಬರೆದರೆ ಒಂದಕ್ಷರವೂ ಹೊಂದೋಲ್ಲ.

ದೀಪದ ವಿಷಯದಲ್ಲಾದರೂ ಪಟ್ಟಿ ಸರಿ ಅನ್ನಿಸಬಹುದು. ಬಸವಣ್ಣನವರದೇ ವಚನವೊಂದು ‘ಜ್ಞಾನದ ಬಲದಿಂದ ಅಜ್ಞಾನದ ಕೇಡು ನೋಡಯ್ಯಾ, ಜ್ಯೋತಿಯ ಬಲದಿಂದ ತಮಂಧದ ಕೇಡು ನೋಡಯ್ಯಾ’ ಅಂತ ಶುರುವಾಗುತ್ತೆ. ಜ್ಯೋತಿ ಅಂದರೆ ಜ್ಞಾನ ಅಷ್ಟೇ ಆದರೆ ಎರಡನೇ ಸಾಲು ಮೊದಲನೆಯದನ್ನೇ ಮತ್ತೆ ಹೇಳಿದಂತಾಯಿತು. ಮುಂದೆ ಸತ್ಯ, ಆಮೇಲೆ ಪರುಷ, ಕೊನೆಗೆ ‘ಶರಣರ ಅನುಭಾವದಿಂದ ಎನ್ನ ಭವದ ಕೇಡು’ ಬರುತ್ತೆ. ದೀಪ ಬಂದಾಗ ಕತ್ತಲೆ ಹೋರಾಡೋಲ್ಲ, ಇಲ್ಲವಾಗುತ್ತೆ. ಶರಣರ ಸಂಗದಲ್ಲಿ ಭವವೂ ಹಾಗೇ ಇಲ್ಲವಾಗುತ್ತೆ. ಹೋಲಿಕೆ ಇರೋದು ದೀಪಕ್ಕೂ ಕತ್ತಲೆಗೂ ಇರೋ ಸಂಬಂಧದಲ್ಲಿ, ದೀಪ ಅನ್ನೋ ವಸ್ತುವಿನಲ್ಲಲ್ಲ.

ಹಾಗಾಗಿ ಪಟ್ಟಿ ಕೊಡೋಲ್ಲ, ಬೇರೆ ಯಾರಾದರೂ ಕೊಟ್ಟರೂ ತಗೋಬೇಡಿ. ವಚನ ಸಿಕ್ಕ ಕೂಡಲೇ ಅಂಕಿತ ಇರುವ ಕೊನೇ ಸಾಲು ಮೊದಲು ಓದಿ. ವಾದ ಎಲ್ಲಿಗೆ ಮುಟ್ಟುತ್ತೆ ಅಂತ ಅಲ್ಲಿ ಗೊತ್ತಾಗುತ್ತೆ. ಆಮೇಲೆ ನೀರಿಗೋ ಮರಕ್ಕೋ ಅಂಟಿಕೊಂಡ ವಿಶೇಷಣ, ಕ್ರಿಯಾಪದಗಳಿಗೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿ. ಬತ್ತುತ್ತಾ, ಹರಿಯುತ್ತಾ, ಅಡಗಿಸುತ್ತಾ? ನಿಮ್ಮ ಉತ್ತರದ ಮೊದಲ ವಾಕ್ಯ ಆ ಗೆರೆ ಹಾಕಿದ ಮಾತಿನ ಮೇಲೇ ಇರಲಿ.