ಕೀ ಒತ್ತಿದ ಕೂಡಲೇ ಮಾಯವಾಗುವ ಮೆನುವಿನ ಸ್ಕ್ರೀನ್‌ಶಾಟ್ ತೆಗೆಯುವುದು ಹೇಗೆ?

ಪ್ರಶ್ನೆ: ನಮ್ಮ ತಂಡಕ್ಕೆ ಹೊಸದಾಗಿ ಸೇರುವವರಿಗಾಗಿ ಒಂದು ಸಾಫ್ಟ್‌ವೇರ್‌ನ ಕೈಪಿಡಿ ಬರೆಯುತ್ತಿದ್ದೇನೆ. ನನ್ನದು ವಿಂಡೋಸ್ 11. ಮೆನು ತೆರೆದು `Alt + PrtScn` ಒತ್ತಿದರೆ ಮೆನು ಮುಚ್ಚಿಹೋಗುತ್ತದೆ. ಬಟನ್ ಮೇಲೆ ಮೌಸ್ ಇಟ್ಟಾಗ ಬರುವ ಟೂಲ್‌ಟಿಪ್ ಅಂತೂ ಯಾವ ಕೀ ಮುಟ್ಟಿದರೂ ಹೋಗಿಬಿಡುತ್ತದೆ. ಏನು ಮಾಡಲಿ?

ಉತ್ತರ: ಫೋಟೋ ತೆಗೆಯುವ ಹೊತ್ತಿಗೆ ನೀವು ಯಾವ ಕೀಯನ್ನೂ ಮುಟ್ಟದಂತೆ ಮಾಡಿಕೊಳ್ಳಬೇಕು, ಅಷ್ಟೇ. ಅದಕ್ಕೆ ಟೈಮರ್ ಇದೆ. ವಿಂಡೋಸ್‌ನ `Snipping Tool` ತೆರೆಯಿರಿ. ಅದರ ಪಟ್ಟಿಯಲ್ಲಿ ಗಡಿಯಾರದ ಚಿಹ್ನೆ ಇರುತ್ತದೆ. ಅಲ್ಲಿ 3, 5 ಅಥವಾ 10 ಸೆಕೆಂಡು ಆರಿಸಿ `New` ಒತ್ತಿ. ಎಣಿಕೆ ಮುಗಿಯುವುದರೊಳಗೆ ನಿಮ್ಮ ಸಾಫ್ಟ್‌ವೇರ್‌ಗೆ ಹೋಗಿ, ಮೌಸ್‌ನಿಂದ ಮೆನು ತೆರೆದು ಸುಮ್ನೆ ಕಾಯಿರಿ. ಸಮಯ ಮುಗಿದಾಗ ಪರದೆ ಮಬ್ಬಾಗಿ ನಿಂತುಬಿಡುತ್ತದೆ. ಆಗ ಬೇಕಾದ ಭಾಗವನ್ನು ಮೌಸ್‌ನಿಂದ ಎಳೆದು ಗುರುತಿಸಿ.

ಮೆನು ಕೆಲಸ ಸುಲಭ, ಯಾಕೆಂದರೆ ತೆರೆದ ಮೆನು ತಾನಾಗಿ ಮುಚ್ಚುವುದಿಲ್ಲ. ಒಳಮೆನುವಿನ ಒಳಗೆ ಇನ್ನೊಂದು ಒಳಮೆನು ಇದ್ದರೆ 10 ಸೆಕೆಂಡು ಇಟ್ಟುಕೊಳ್ಳಿ, ನಿಧಾನವಾಗಿ ತೆರೆಯಬಹುದು.

ಟೂಲ್‌ಟಿಪ್‌ಗೆ ಇದೇ 10 ಸೆಕೆಂಡು ತೊಂದರೆ ಕೊಡುತ್ತದೆ. ಹೆಚ್ಚು ಸಮಯ ಇದ್ದರೆ ಒಳ್ಳೆಯದು ಅನಿಸುತ್ತದೆ ಅಲ್ವಾ? ಆದರೆ ಟೂಲ್‌ಟಿಪ್‌ಗೆ ಅದರದೇ ಆಯಸ್ಸು ಇದೆ. ವಿಂಡೋಸ್‌ನ ಮಾಮೂಲಿ ಟೂಲ್‌ಟಿಪ್ ಮೌಸ್ ನಿಂತ ಅರ್ಧ ಸೆಕೆಂಡಿಗೆ ಕಾಣಿಸಿಕೊಂಡು, ಸುಮಾರು 5 ಸೆಕೆಂಡು ಇದ್ದು ಹೋಗುತ್ತದೆ. ಡಬಲ್ ಕ್ಲಿಕ್‌ನ ವೇಗಕ್ಕೂ ಈ ಲೆಕ್ಕಕ್ಕೂ ನಂಟಿದೆ. ಆ ವೇಗವನ್ನು ಬದಲಿಸಿಕೊಂಡಿದ್ದರೆ ಈ ಸಮಯವೂ ಬದಲಾಗುತ್ತದೆ.

ಈಗ ಲೆಕ್ಕ ಹಾಕಿ ನೋಡಿ. ನೀವು 10 ಸೆಕೆಂಡು ಇಟ್ಟು, ಒಂದನೇ ಸೆಕೆಂಡಿಗೇ ಬಟನ್ ಮೇಲೆ ಮೌಸ್ ನಿಲ್ಲಿಸಿದಿರಿ ಎಂದುಕೊಳ್ಳೋಣ. ಒಂದೂವರೆಗೆ ಟೂಲ್‌ಟಿಪ್ ಬಂತು, ಆರೂವರೆಗೆ ಹೋಯಿತು. ಹತ್ತನೇ ಸೆಕೆಂಡಿನ ಚಿತ್ರದಲ್ಲಿ ಬರೀ ಬಟನ್ ಸಿಗುತ್ತದೆ. ಅದೇ 5 ಸೆಕೆಂಡು ಇಟ್ಟು, ಮೂರು ಎಣಿಸುವವರೆಗೆ ಮೌಸನ್ನು ಬಟನ್‌ನ ಪಕ್ಕದಲ್ಲಿಟ್ಟುಕೊಂಡಿದ್ದು, ಆಮೇಲೆ ಬಟನ್ ಮೇಲೆ ತನ್ನಿ. ಮೂರೂವರೆಗೆ ಟೂಲ್‌ಟಿಪ್ ಬರುತ್ತದೆ, ಐದಕ್ಕೆ ಚಿತ್ರ ಸಿಗುತ್ತದೆ. ಕೈ ಸ್ವಲ್ಪ ಹಿಂದೆ ಮುಂದೆ ಆದರೂ ಪರವಾಗಿಲ್ಲ. ಒಮ್ಮೆ ಹೋದ ಟೂಲ್‌ಟಿಪ್ ಮೌಸ್ ಅಲ್ಲೇ ಇದ್ದರೆ ಮತ್ತೆ ಬರುವುದಿಲ್ಲ. ಮೌಸನ್ನು ಬಟನ್‌ನಿಂದ ಆಚೆ ಒಯ್ದು ಮತ್ತೆ ತರಬೇಕು. ಕೆಲವು ಸಾಫ್ಟ್‌ವೇರ್‌ಗಳು ತಮ್ಮದೇ ಟೂಲ್‌ಟಿಪ್ ಬರೆದುಕೊಂಡಿರುತ್ತವೆ. ಹಾಗಾಗಿ ಮೊದಲು ಒಂದು ಸಲ ಎಷ್ಟು ಹೊತ್ತು ಇರುತ್ತದೆ ಎಂದು ಎಣಿಸಿ ನೋಡುವುದು ಒಳ್ಳೆಯದು.

ಕೆಲವೊಮ್ಮೆ ಪರದೆ ಮಬ್ಬಾಗುವ ಕ್ಷಣದಲ್ಲೇ ಮೆನು ಮುಚ್ಚಿ, ಚಿತ್ರದಲ್ಲಿ ಇಲ್ಲದೇ ಹೋಗಬಹುದು. ಆಗ `Snipping Tool`ನಲ್ಲಿ ಆಯತದ ಬದಲು ಪೂರ್ತಿ ಪರದೆ ತೆಗೆಯುವ ಆಯ್ಕೆ ಇಟ್ಟು ಇನ್ನೊಮ್ಮೆ ಪ್ರಯತ್ನಿಸಿ. ಬೇಡದ್ದನ್ನು ಆಮೇಲೆ ಕತ್ತರಿಸಿದರಾಯಿತು. ನಾನಂತೂ ಕೈಪಿಡಿ ಕೆಲಸಕ್ಕೆ ಯಾವಾಗಲೂ ಪೂರ್ತಿ ಪರದೆಯನ್ನೇ ತೆಗೆದಿಟ್ಟುಕೊಳ್ಳುತ್ತೇನೆ. ಪಕ್ಕದ ಬಟನ್ ಕೂಡ ಬೇಕಿತ್ತು ಎಂದು ನಾಳೆ ಅನಿಸಿದರೆ ಮತ್ತೆ ಎಲ್ಲ ತೆರೆದು ಕೂರಬೇಕಿಲ್ಲ.

ಇನ್ನು `Alt` ವಿಷಯ. ವಿಂಡೋಸ್‌ನಲ್ಲಿ `Alt` ಎಂದರೆ ಮೆನು ಪಟ್ಟಿಗೆ ಹೋಗುವ ಮತ್ತು ಅಲ್ಲಿಂದ ಹೊರಬರುವ ಕೀ. ಮೆನು ತೆರೆದಿರುವಾಗ ಅದನ್ನು ಒತ್ತಿದರೆ ‘ಮುಚ್ಚು’ ಎಂದು ಹೇಳಿದ ಹಾಗೆ. ನೀವು `PrtScn` ಮುಟ್ಟುವ ಮೊದಲೇ ಮೆನು ಹೋಗಿರುತ್ತದೆ. `PrtScn` ಒಂದನ್ನೇ ಒತ್ತಿದರೆ ಸಾಮಾನ್ಯವಾಗಿ ಮೆನು ಉಳಿಯುತ್ತದೆ. ಆದರೆ ವಿಂಡೋಸ್ 11ರಲ್ಲಿ ಆ ಕೀ `Snipping Tool` ತೆರೆಯುವಂತೆ ಹೊಂದಿಸಿರಬಹುದು. `Settings`ನಲ್ಲಿ `Accessibility`, ಅದರೊಳಗೆ `Keyboard` ಎಂಬಲ್ಲಿ ಆ ಸ್ವಿಚ್ ಇದೆ. ಅದನ್ನು ಆಫ್ ಮಾಡಿದರೆ `PrtScn` ಮೊದಲಿನಂತೆ ಇಡೀ ಪರದೆಯನ್ನು ಕ್ಲಿಪ್‌ಬೋರ್ಡ್‌ಗೆ ನಕಲಿಸುತ್ತದೆ. ಬೇಕಾದ ಕಡೆ ಪೇಸ್ಟ್ ಮಾಡಿಕೊಳ್ಳಬಹುದು. ಎರಡು ಮಾನಿಟರ್ ಇದ್ದರೆ ಎರಡೂ ಒಂದೇ ಚಿತ್ರದಲ್ಲಿ ಬರುತ್ತವೆ.

ತಂಡದಲ್ಲಿ ಯಾರಾದರೂ ಮ್ಯಾಕ್ ಬಳಸುತ್ತಿದ್ದರೆ, `Shift + Command + 5` ಒತ್ತಿ `Options`ನಲ್ಲಿ 5 ಅಥವಾ 10 ಸೆಕೆಂಡಿನ ಟೈಮರ್ ಇಡಬಹುದು. ಟೂಲ್‌ಟಿಪ್‌ಗೆ ಅಲ್ಲೂ 5 ಸೆಕೆಂಡೇ ಇಟ್ಟುಕೊಳ್ಳಲಿ.