ಅಮ್ಮನ ಹನ್ನೊಂದು ಗಂಟೆ, ನಿನ್ನ ನಡುರಾತ್ರಿ

ಅಕ್ಕಾ, ನಾನು ತಿಪಟೂರಿನವಳು, ಡಲ್ಲಾಸಲ್ಲಿ ಎಂಎಸ್ ಮಾಡ್ತಿದೀನಿ, ಮೂರನೇ ಸೆಮ್. ಅಮ್ಮ ದಿನಾ ರಾತ್ರಿ ಹನ್ನೆರಡೂವರೆಗೆ ವೀಡಿಯೋ ಕಾಲ್ ಮಾಡ್ತಾರೆ, ಮುಗಿಯೋಷ್ಟರಲ್ಲಿ ಒಂದೂವರೆ, ಆಮೇಲೂ ನಿದ್ದೆ ಹತ್ತಲ್ಲ. ಬೆಳಗ್ಗೆ ಎಂಟೂವರೆ ಕ್ಲಾಸಲ್ಲಿ ತೂಕಡಿಸ್ತೀನಿ, ಮಿಡ್‌ಟರ್ಮ್ ಹಾಳಾಯ್ತು. ಎತ್ತದೇ ಇರೋಣ ಅಂದ್ರೆ ಅಪ್ಪನಿಗೆ ಬಿಪಿ ಇದೆ, ಏನಾದ್ರೂ ಆಗಿದ್ರೆ ಅಂತ ಭಯ. ಒಬ್ಳೇ ಮಗಳು ನಾನು. ಮಾಡ್ಬೇಡ ಅಂತ ಹೆಂಗ್ ಹೇಳ್ಲಿ?
– ನಿದ್ದೆಗೆಟ್ಟವಳು

ನೋಡಮ್ಮಾ, ಮೊದ್ಲು ನಾನೇ ಒಂದು ಕೇಳ್ತೀನಿ. ಫೋನ್ ಎತ್ತಿದ ತಕ್ಷಣ ಅಮ್ಮ "ಮಲ್ಗಿದ್ಯೇನೇ?" ಅಂತಾರಲ್ವಾ, ಅದಕ್ಕೆ ನೀನು ಏನಂತೀಯ? "ಇಲ್ಲಮ್ಮ, ಎದ್ದೇ ಇದ್ದೆ, ಓದ್ತಿದ್ದೆ" ಅಂತ ತಾನೇ? ನನಗೆ ಬರೋ ಇಂಥ ಪತ್ರಗಳಲ್ಲಿ ಹತ್ತಕ್ಕೆ ಒಂಬತ್ತು ಜನ ಹಿಂಗೇ ಹೇಳಿರ್ತಾರೆ, ಅಮ್ಮಂಗೆ ಪಾಪ ಅನ್ನಿಸ್ಬಾರ್ದು ಅಂತ. ಆದ್ರೆ ಅಮ್ಮನ ಕಡೆಯಿಂದ ನೋಡು, ಅವ್ರಿಗೆ ಗೊತ್ತಿರೋದು ಇಷ್ಟೇ, ಮಗಳು ಆ ಹೊತ್ತಲ್ಲಿ ಹೆಂಗೂ ಎದ್ದಿರ್ತಾಳೆ, ಸಿಗ್ತಾಳೆ. ಅಪ್ಪ ತಿಂಡಿ ತಿಂದು ಅಂಗಡಿಗೋ ಆಫೀಸಿಗೋ ಹೊರಟಿರ್ತಾರೆ, ಪಾತ್ರೆ ಬಟ್ಟೆ ಎಲ್ಲ ಮುಗಿದಿರುತ್ತೆ, ಹನ್ನೊಂದು ಗಂಟೆಗೆ ಮನೆ ಮೊದಲ್ನೇ ಸಲ ಸೈಲೆಂಟ್ ಆಗುತ್ತೆ, ಆಗ ನಿನ್ನ ನೆನಪಾಗುತ್ತೆ. ಆ ಹನ್ನೊಂದೇ ನಿನ್ನ ಹನ್ನೆರಡೂವರೆ. ಇದ್ರಲ್ಲಿ ಯಾರ ತಪ್ಪೂ ಇಲ್ಲ, ಗಡಿಯಾರದ್ದು ಅಷ್ಟೇ, ಆದ್ರೆ ಆ ಸುಳ್ಳು ನಿಂದು.

ಹಂಗಾಗಿ ಕಾಲ್ ನಿಲ್ಲಿಸೋ ಮಾತೇ ಬೇಡ, ಹೊತ್ತು ಬದಲಾಯಿಸು. ಈಗ ಡಲ್ಲಾಸಿಗಿಂತ ನಾವು ಹತ್ತೂವರೆ ಗಂಟೆ ಮುಂದೆ. ಅಮ್ಮಂಗೆ ಕಳೆಯೋ ಲೆಕ್ಕ ಎಲ್ಲ ಬೇಡ, ಹಿಂಗೆ ಹೇಳ್ಕೊಡು, ಮನೆ ಗಡಿಯಾರದ ಬೆಳಗ್ಗೆನ ಹಿಂದಿನ ರಾತ್ರಿ ಅಂದ್ಕೋ, ಅದಕ್ಕೆ ಒಂದೂವರೆ ಗಂಟೆ ಸೇರಿಸು. ಬೆಳಗ್ಗೆ ಆರೂಕಾಲು ಅಂದ್ರೆ ರಾತ್ರಿ ಆರೂಕಾಲು, ಒಂದೂವರೆ ಸೇರಿಸಿದ್ರೆ ಏಳೂಮುಕ್ಕಾಲು. ಈ ಏಳೂಮುಕ್ಕಾಲು ನನಗೆ ಬಹಳ ಚೆನ್ನಾಗಿ ಕಾಣ್ತಿದೆ. ಅಲ್ಲಿ ಅಮ್ಮ ಬಾಗಿಲಿಗೆ ನೀರು ಹಾಕಿ ಬಂದು ಡಿಕಾಕ್ಷನ್ ಇಳಿಯೋಕೆ ಕಾಯ್ತಾ ಇರ್ತಾರೆ, ಅಪ್ಪ ಇನ್ನೂ ಮನೇಲೇ ಇರ್ತಾರೆ, ಇಲ್ಲಿ ನೀನು ಅನ್ನಕ್ಕಿಟ್ಟು ಈರುಳ್ಳಿ ಹೆಚ್ತಾ ಇರ್ತೀಯ. ಫೋನನ್ನ ಉಪ್ಪಿನ ಡಬ್ಬಕ್ಕೆ ಒರಗಿಸಿ ಇಟ್ಬಿಡು. ಮುಖ ಮುಖ ನೋಡ್ಕೊಂಡು "ಮತ್ತೇನ್ ಸಮಾಚಾರ, ಮತ್ತೇನಿಲ್ಲ" ಅನ್ನೋ ಒಂದು ಗಂಟೆ ಇದ್ಯಲ್ಲ, ಅದಕ್ಕಿಂತ ಇಬ್ರೂ ಕೆಲಸ ಮಾಡ್ತಾ ಮಾತಾಡೋ ಇಪ್ಪತ್ತೈದು ನಿಮಿಷದಲ್ಲಿ ಜಾಸ್ತಿ ವಿಷಯ ಬರುತ್ತೆ, ಯಾಕಂದ್ರೆ ಅಮ್ಮ ಅಡುಗೆಮನೇಲಿ ನಿಂತಾಗಲೇ ನಿಜವಾದ ಸುದ್ದಿ ಹೇಳೋದು, ಪಕ್ಕದ್ಮನೆಯವ್ರ ಜಗಳ, ಕೊಬ್ಬರಿ ರೇಟು, ಅಪ್ಪ ಕದ್ದು ಉಪ್ಪಿನಕಾಯಿ ತಿಂದಿದ್ದು. ನಿನ್ನ ಊಟ ಆಗಿ ಎಂಟೂವರೆಗೆ ನೀನು ಟೇಬಲ್ ಮುಂದೆ ಕೂತ್ರೆ ಹನ್ನೊಂದರ ತನಕ ಎರಡೂವರೆ ಗಂಟೆ ಪೂರ್ತಿ ನಿಂದೇ, ಮಧ್ಯೆ ಯಾವ ಕಾಲಿಗೂ ಕಾಯೋದಿಲ್ಲ. ಈಗ ಹನ್ನೊಂದರಿಂದ ಹನ್ನೆರಡೂವರೆ ತನಕ ನೀನು ಓದ್ತಿರೋದು ಓದಲ್ಲ, ಕಾಲ್ ಬರುತ್ತೆ ಅಂತ ಮಲಗದೇ ಇರೋದು, ಅದೂ ಲೆಕ್ಕಕ್ಕೆ ಹಿಡಿ.

ಭಾನುವಾರ ಬೇರೆ ತರ ಮಾಡು. ನಿನ್ನ ಬೆಳಗ್ಗೆ ಒಂಬತ್ತೂವರೆ ಅಲ್ಲಿ ಅದೇ ದಿನ ರಾತ್ರಿ ಎಂಟು, ಊಟದ ಹೊತ್ತು, ಅಜ್ಜಿ ಇದ್ರೆ ಅವ್ರೂ ಸಿಗ್ತಾರೆ, ಆಗ ಎಷ್ಟೊತ್ತಾದ್ರೂ ಮಾತಾಡು. ನಾನು 2004ರಲ್ಲಿ ಹೊರದೇಶದಲ್ಲಿ ಓದ್ವಾಗ ಕಾಲಿಂಗ್ ಕಾರ್ಡ್ ಕಾಲ, ನಾಣ್ಯದಲ್ಲಿ ಉಜ್ಜಿ ನಂಬರ್ ಒತ್ಬೇಕು, ಕಾರ್ಡ್ ಮುಗಿದ್ರೆ ಮಾತೂ ಮುಗೀತು. ವಾರಕ್ಕೊಂದೇ ಕಾಲು, ಇಬ್ರೂ ಅದಕ್ಕೆ ಕಾಯ್ತಿದ್ವಿ, ಯಾರ ನಿದ್ದೆನೂ ಕೆಡ್ತಿರ್ಲಿಲ್ಲ. ಆ ಕಾಲ ವಾಪಸ್ ಬರ್ಲಿ ಅಂತೇನಲ್ಲ, ಅಮ್ಮನ ಮುಖ ನೋಡ್ದೇ ಹತ್ತು ತಿಂಗಳು ಇದ್ದೆ ನಾನು, ಆದ್ರೆ ಫ್ರೀ ಅಂತ ಆದ್ಮೇಲೆ ಕಾಲಿಗೆ ಹೊತ್ತುಗೊತ್ತು ಇಲ್ಲದಂಗಾಗಿದೆ ಅನ್ನೋದೂ ನಿಜ.

ಈಗ ನಿನ್ನ ಅಸಲಿ ಭಯಕ್ಕೆ ಬರ್ತೀನಿ, ಅಪ್ಪನ ಬಿಪಿ. ನೀನು ರಾತ್ರಿ ಕಾಲ್ ಎತ್ತೋದು ಅರ್ಧ ಪ್ರೀತಿಗೆ, ಅರ್ಧ ಈ ಭಯಕ್ಕೆ. ಮಾಮೂಲಿ ಕಾಲೂ ಅರ್ಜೆಂಟ್ ಕಾಲೂ ಒಂದೇ ತರ ರಿಂಗ್ ಆಗೋದ್ರಿಂದ ನೀನು ಎಲ್ಲಾನೂ ಎತ್ಲೇಬೇಕಾಗಿದೆ. ಅವೆರಡನ್ನ ಬೇರೆ ಮಾಡು. ಫೋನಲ್ಲಿ ರಾತ್ರಿ ಹನ್ನೊಂದರಿಂದ ಬೆಳಗ್ಗೆ ಏಳರ ತನಕ Do Not Disturb ಹಾಕು, ಅದ್ರೊಳಗೆ ಒಬ್ರೇ ಮತ್ತೆ ಮತ್ತೆ ಮಾಡಿದ್ರೆ ರಿಂಗ್ ಆಗ್ಲಿ ಅನ್ನೋ ಆಯ್ಕೆ ಇರುತ್ತೆ, ಆಂಡ್ರಾಯ್ಡ್‌ನಲ್ಲಿ Repeat callers, ಹದಿನೈದು ನಿಮಿಷದೊಳಗೆ ಎರಡನೇ ಸಲ ಮಾಡಿದ್ರೆ ಸದ್ದಾಗುತ್ತೆ, ಐಫೋನಲ್ಲಿ ಮೂರು ನಿಮಿಷದೊಳಗೆ ಮಾಡ್ಬೇಕು. ಆದ್ರೆ ಇದು ಮಾಮೂಲಿ ಫೋನ್ ಕಾಲಿಗೆ ಇರೋದು, ವಾಟ್ಸಾಪ್ ಕಾಲಿಗೆ ನಂಬ್ಕೊಂಡು ಕೂರ್ಬೇಡ. ಮನೇಲಿ ಒಂದು ಫೋನಿಗಾದ್ರೂ ಐಎಸ್‌ಡಿ ಇದ್ಯಾ ನೋಡು, ಇಲ್ಲಾಂದ್ರೆ ಹಾಕಿಸು, ಪ್ರೀಪೇಯ್ಡ್ ಆದ್ರೆ ಅದಕ್ಕೆ ಬ್ಯಾಲೆನ್ಸೂ ಇರ್ಲಿ. ಆಮೇಲೆ ಒಂದಿನ ಹಗಲಲ್ಲೇ Do Not Disturb ಆನ್ ಮಾಡಿ ಅಮ್ಮನ ಹತ್ರ ಎರಡು ಸಲ ಫೋನ್ ಮಾಡಿಸಿ ಟೆಸ್ಟ್ ಮಾಡು, ಸದ್ದಾಯ್ತಾ ಸರಿ, ಆಗ್ಲಿಲ್ವಾ ಸೆಟ್ಟಿಂಗ್ ಮತ್ತೆ ನೋಡು. ಇದರ ಜೊತೆ ರೂಮ್‌ಮೇಟ್ ನಂಬರನ್ನ ಮನೆ ಕ್ಯಾಲೆಂಡರಿನ ಪಕ್ಕ ದೊಡ್ಡದಾಗಿ ಬರೆಸಿಡು. ಇನ್ನೊಂದು ಮಾತು, ಸ್ವಲ್ಪ ಕಟುವಾಗಿ ಕೇಳ್ಸುತ್ತೆ. ಅಪ್ಪಂಗೆ ಏನಾದ್ರೂ ಆದ್ರೆ ಅಮ್ಮ ಮೊದ್ಲು ಕರೀಬೇಕಾಗಿರೋದು ನಿನ್ನನ್ನಲ್ಲ, 108ನ್ನ, ಆಮೇಲೆ ಹತ್ತು ನಿಮಿಷದಲ್ಲಿ ಬರೋ ಚಿಕ್ಕಪ್ಪನ್ನೋ ಪಕ್ಕದ್ಮನೆಯವ್ರನ್ನೋ. ಇದನ್ನ ಈಗ್ಲೇ ಕೂತು ಮಾತಾಡಿ ಇಟ್ರೆ ರಾತ್ರಿ ಫೋನ್ ನೋಡ್ಕೊಂಡು ಮಲಗೋದು ತಾನಾಗೇ ಕಮ್ಮಿ ಆಗುತ್ತೆ.

ಅಮ್ಮಂಗೆ ಹೇಳೋದು ಹೆಂಗೆ ಅಂದ್ಯಲ್ಲ. ರಾತ್ರಿ ಒಂದು ಗಂಟೆಗೆ ನಿದ್ದೆಗಣ್ಣಲ್ಲಿ ಹೇಳ್ಬೇಡ, ಸಿಡುಕಿದಂಗೆ ಕೇಳ್ಸುತ್ತೆ. ಭಾನುವಾರ ಹೇಳು, ಅಪ್ಪ ಪಕ್ಕದಲ್ಲಿದ್ದಾಗ. "ಅಮ್ಮಾ, ನಾನು ನಿಂಗೆ ಸುಳ್ಳು ಹೇಳ್ತಿದ್ದೆ, ನೀನು ಮಾಡೋ ಹೊತ್ತಿಗೆ ನಂಗೆ ತುಂಬಾ ನಿದ್ದೆ ಬಂದಿರುತ್ತೆ, ಬೆಳಗ್ಗೆ ಕ್ಲಾಸಲ್ಲಿ ತೂಕಡಿಸ್ತೀನಿ. ನೀನು ಕಾಫಿ ಕುಡಿಯೋವಾಗ ಮಾಡು, ಇಬ್ರೂ ಸೇರಿ ಅಡುಗೆ ಮಾಡೋಣ." ಇಷ್ಟೇ. ಮಗಳು ನಿದ್ದೆಗೆಟ್ಟಿದಾಳೆ ಅಂತ ಗೊತ್ತಾದ್ರೆ ಅಮ್ಮಂದಿರು ಬೇಜಾರ್ ಮಾಡ್ಕೊಳಲ್ಲ, ಬೈತಾರೆ, ಬೈಸ್ಕೋ. ಮೊದಲ ಎರಡು ವಾರ ಹನ್ನೊಂದು ಗಂಟೆಗೆ ಅವ್ರಿಗೆ ಮನೆ ಖಾಲಿ ಖಾಲಿ ಅನ್ಸುತ್ತೆ, ಅದಕ್ಕೆ ವಾಯ್ಸ್ ಮೆಸೇಜ್ ಕಲಿಸು. ಸೊಪ್ಪು ಬಿಡಿಸ್ತಾ ಕೂತು ಏನು ಬೇಕೋ ಹೇಳಿ ಕಳಿಸ್ಲಿ, ನೀನು ಬೆಳಗ್ಗೆ ಬಸ್ಸಲ್ಲಿ ಕೇಳಿ ಅಲ್ಲಿಂದಲೇ ಉತ್ತರ ಹೇಳು, ಅದು ಅವ್ರಿಗೆ ಸಂಜೆ ಸಿಗುತ್ತೆ. ಇನ್ನು ಫ್ಯಾಮಿಲಿ ಗ್ರೂಪು, ಅದನ್ನ ಮ್ಯೂಟ್ ಮಾಡು, ಇವತ್ತೇ. ನಮ್ಮವ್ರೆಲ್ಲ ಸಂಜೆ ಆರರಿಂದ ಹತ್ತರ ತನಕ ಗ್ರೂಪಲ್ಲಿ ಕೂತಿರ್ತಾರೆ, ಅದು ನಿಂಗೆ ಬೆಳಗ್ಗೆ ಏಳೂವರೆಯಿಂದ ಹನ್ನೊಂದೂವರೆ, ಸರಿಯಾಗಿ ಕ್ಲಾಸ್ ಟೈಮು. ಲಾಸ್ಟ್ ಸೀನ್ ಮಾತ್ರ ಮುಚ್ಚಬೇಡ. ಅದು ಕಾಣ್ಲಿಲ್ಲ ಅಂದ್ರೆ ಇನ್ನೊಂದು ಗಾಬರಿ ಶುರುವಾಗುತ್ತೆ, ನಿನ್ನ ರಾತ್ರಿ ಹನ್ನೊಂದು ಅಮ್ಮನ ಫೋನಲ್ಲಿ ಬೆಳಗ್ಗೆ ಒಂಬತ್ತೂವರೆ ಅಂತ ತೋರ್ಸುತ್ತೆ, ಅಲ್ಲಿಗೆ ನಿಂತಿದೆ ಅಂತ ಕಂಡ್ರೆ "ಸದ್ಯ, ಮಲಗ್ದಳು" ಅಂತ ಅಮ್ಮನೂ ಸುಮ್ನಾಗ್ತಾರೆ.

ಕಾಲ್ ಬೇಗ ಮುಗೀತು ಅಂತ ನಿದ್ದೆ ಅವತ್ತೇ ಸರಿ ಹೋಗಲ್ಲ. ಒಂದು ವರ್ಷದಿಂದ ನಿನ್ನ ಮೈ ಎರಡು ಗಂಟೆಗೆ ಮಲಗೋದನ್ನ ಕಲ್ತಿದೆ. ಮೊದಲ ರಾತ್ರಿ ಹನ್ನೊಂದಕ್ಕೆ ಮಲಗಿ ಹೊರಳಾಡಿ, ನಂಗೆ ಆಗಲ್ಲಪ್ಪ ಅಂತ ಫೋನ್ ತಗೊಂಡ್ರೆ ಅಲ್ಲಿಗೆ ಮುಗೀತು. ಮಲಗೋ ಹೊತ್ತನ್ನ ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಹಿಂದಕ್ಕೆ ತಾ, ಏಳೋ ಹೊತ್ತನ್ನ ಮಾತ್ರ ಮೊದಲ ದಿನದಿಂದಲೇ ಏಳು ಗಂಟೆಗೆ ಗಟ್ಟಿ ಮಾಡು, ಶನಿವಾರ ಭಾನುವಾರನೂ ಎಂಟು ದಾಟಬೇಡ. ಎದ್ದ ತಕ್ಷಣ ಪರದೆ ತೆಗೆದು ಬೆಳಕಿಗೆ ಹೋಗು, ಮೈಯೊಳಗಿನ ಗಡಿಯಾರ ಬೆಳಗಿನ ಬೆಳಕು ನೋಡಿ ಹಿಂದಕ್ಕೆ ಬರುತ್ತೆ, ರಾತ್ರಿ ಬೆಳಕು ನೋಡಿ ಮುಂದಕ್ಕೆ ಓಡುತ್ತೆ. ಮಧ್ಯಾಹ್ನ ಎರಡರ ಮೇಲೆ ಕಾಫಿ ಬೇಡ, ಕುಡಿದ ಕೆಫೀನಲ್ಲಿ ಅರ್ಧದಷ್ಟು ಐದಾರು ಗಂಟೆ ಆದ್ಮೇಲೂ ಮೈಯಲ್ಲೇ ಇರುತ್ತೆ. ಈಗ ನೀನು ಎರಡಕ್ಕೆ ಮಲಗಿ ಏಳಕ್ಕೆ ಎದ್ರೆ ಐದು ಗಂಟೆ, ಬೇಕಾಗಿರೋದು ಏಳಾದ್ರೂ. ಕನಸಿನ ನಿದ್ದೆ ಜಾಸ್ತಿ ಇರೋದು ಬೆಳಗಿನ ಜಾವದ ಕಡೆಗೇ, ಅಲಾರಂ ಕತ್ತರಿಸಿ ಬಿಸಾಕೋದು ಅದನ್ನೇ. ಸರಿ ಹೋಗ್ತಿದ್ಯಾ ಅಂತ ತಿಳ್ಕೋಳೋಕೆ ಆಪು ವಾಚು ಏನೂ ಬೇಡ, ಎಂಟೂವರೆ ಕ್ಲಾಸಲ್ಲಿ ಕಣ್ಣು ಎಳೀತಿದ್ಯಾ ನೋಡು, ಶನಿವಾರ ಏಳಾದ್ಮೇಲೂ ಒಂದು ಗಂಟೆಗಿಂತ ಜಾಸ್ತಿ ಮಲಗ್ಬೇಕು ಅನ್ಸುತ್ತಾ ನೋಡು. ಇಷ್ಟೆಲ್ಲ ಮಾಡಿ ಒಂದು ತಿಂಗಳಾದ್ರೂ ನಿದ್ದೆ ಬರ್ತಿಲ್ಲ, ಅಥವಾ ಮಲಗಿದಾಗೆಲ್ಲ ಮನೆ ನೆನೆದು ಅಳು ಬರ್ತಿದೆ ಅಂದ್ರೆ ಅದು ಗಡಿಯಾರದ ಸಮಸ್ಯೆ ಅಲ್ಲ, ಯೂನಿವರ್ಸಿಟಿ ಕೌನ್ಸೆಲಿಂಗ್ ಸೆಂಟರಿಗೆ ಹೋಗು.

ನಿದ್ದೆ ಬಿಡ್ಲೇಬಾರ್ದು ಅಂತಾನೂ ಅಲ್ಲ. ಗೃಹಪ್ರವೇಶ ಎಲ್ಲ ಬೆಳಗಿನ ಜಾವ ಐದಕ್ಕೆ ಇಟ್ಟಿರ್ತಾರೆ, ಅದು ನಿಂಗೆ ಸಂಜೆ ಆರೂವರೆ, ಲಾಟರಿ ಹೊಡ್ದಂಗೆ. ಮದುವೆ ಮುಹೂರ್ತ ಹನ್ನೆರಡಕ್ಕಿದ್ರೆ ನಿಂಗೆ ರಾತ್ರಿ ಒಂದೂವರೆ. ಸ್ವಂತ ಚಿಕ್ಕಮ್ಮನ ಮಗಳ ಧಾರೆ ಆದ್ರೆ ಎದ್ದು ಕೂತು ನೋಡು, ಅಳು, ಮಾರನೇ ದಿನ ಮಧ್ಯಾಹ್ನ ಇಪ್ಪತ್ತು ನಿಮಿಷ ಮಲಗು. ದೂರದ ಸಂಬಂಧದವ್ರ ಮಗನ ರಿಸೆಪ್ಷನ್ನಿನ ಲೈವಿಗೆಲ್ಲ ಎದ್ದಿರೋದು ಬೇಡಪ್ಪ.

ಒಂದು ಜ್ಞಾಪಕ ಇಟ್ಕೋ, ನವೆಂಬರ್ ಮೊದಲ ಭಾನುವಾರ ನಿಮ್ಮಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತೆ, 2026ರಲ್ಲಿ ಅದು ನವೆಂಬರ್ 1, ನಮ್ಮ ರಾಜ್ಯೋತ್ಸವದ ದಿನ, ಅಮ್ಮಂಗೂ ಮರೆಯಲ್ಲ. ಅಲ್ಲಿಂದ ಮಾರ್ಚ್ ಎರಡನೇ ಭಾನುವಾರದ ತನಕ ಒಂದೂವರೆ ಬದಲು ಬರೀ ಅರ್ಧ ಗಂಟೆ ಸೇರಿಸ್ಬೇಕು, ಅಮ್ಮನ ಆರೂಕಾಲು ನಿಂಗೆ ಆರೂಮುಕ್ಕಾಲು ಆಗುತ್ತೆ, ಆಗ ನೀನಿನ್ನೂ ಲ್ಯಾಬಲ್ಲೋ ಬಸ್ಸಲ್ಲೋ ಇರ್ತೀಯ. ರಾಜ್ಯೋತ್ಸವದ ಬೆಳಗ್ಗೆ ಕಾಲ್ ಹಳೇ ಟೈಮಿಗೇ, ಯಾಕಂದ್ರೆ ನಿಮ್ಮಲ್ಲಿ ಇನ್ನೂ ಶನಿವಾರ ರಾತ್ರಿ. ಸೋಮವಾರದಿಂದ ಅಮ್ಮಂಗೆ ಏಳೂಕಾಲಿಗೆ ಮಾಡೋಕೆ ಹೇಳು, ಕಾಫಿ ಬದಲು ದೋಸೆ ಹುಯ್ಯೋ ಹೊತ್ತು ಆಗಿರುತ್ತೆ.